ಫ್ಯೂಚರ್ಸ್‌ನಲ್ಲಿ ಮಾರಿದರೆ ರೈತರಿಗೆ ಹೆಚ್ಚು ಬೆಲೆ ಸಿಗುತ್ತದೆಯೇ?

"ಬೆಳೆ ಕೊಯ್ಯುವ ಮೊದಲೇ ಆನ್‌ಲೈನ್‌ನಲ್ಲಿ ಮಾರಿ, ಹೆಚ್ಚು ಬೆಲೆ ಪಡೆಯಿರಿ" ಎಂಬ ಮಾತು ನಿಮ್ಮ ಮೊಬೈಲಿಗೂ ಬಂದಿರಬಹುದು. ಇದು ಅರ್ಧ ಸತ್ಯ. ಫ್ಯೂಚರ್ಸ್ ಬೆಲೆಯನ್ನು ಹೆಚ್ಚಿಸುವುದಿಲ್ಲ, ಬೆಲೆ ಏರಿಳಿತದ ಪೆಟ್ಟನ್ನು ತಗ್ಗಿಸುತ್ತದೆ. ಹೇಗೆಂದು ಅರಿಶಿನದ ಲೆಕ್ಕದಲ್ಲಿ ನೋಡೋಣ.

ಎನ್‌ಸಿಡಿಇಎಕ್ಸ್ ವಿನಿಮಯ ಕೇಂದ್ರದಲ್ಲಿ ಅರಿಶಿನದ ಒಂದು ಲಾಟ್ ಎಂದರೆ 5 ಟನ್, ಅಂದರೆ 50 ಕ್ವಿಂಟಲ್. ಚಾಮರಾಜನಗರದ ಒಬ್ಬ ರೈತರು ಅಷ್ಟೇ ಬೆಳೆ ನಿರೀಕ್ಷಿಸುತ್ತಿದ್ದಾರೆ ಎಂದುಕೊಳ್ಳೋಣ. ಡಿಸೆಂಬರ್‌ನಲ್ಲಿ ಏಪ್ರಿಲ್ ತಿಂಗಳ ಫ್ಯೂಚರ್ಸ್ ದರ ಕ್ವಿಂಟಲ್‌ಗೆ 13,000 ರೂಪಾಯಿ (ಇಲ್ಲಿನ ದರಗಳೆಲ್ಲ ಉದಾಹರಣೆಗೆ ಮಾತ್ರ). ಅವರು ಬ್ರೋಕರ್ ಮೂಲಕ ಒಂದು ಲಾಟ್ ಮಾರುತ್ತಾರೆ.

ಕೊಯ್ಲಿನ ಹೊತ್ತಿಗೆ ಮಂಡಿಯಲ್ಲೂ ಫ್ಯೂಚರ್ಸ್‌ನಲ್ಲೂ ದರ 11,000ಕ್ಕೆ ಇಳಿಯಿತು. ರೈತರು ಅರಿಶಿನವನ್ನು ಮಂಡಿಯಲ್ಲೇ ಮಾರಿದರು, 5.5 ಲಕ್ಷ ಬಂತು. ಅವಧಿ ಮುಗಿಯುವ ಮೊದಲೇ, 13,000ಕ್ಕೆ ಮಾರಿದ್ದ ಲಾಟನ್ನು 11,000ಕ್ಕೆ ವಾಪಸ್ ಕೊಂಡು ವ್ಯವಹಾರ ಮುಗಿಸಿದರು. ಅಲ್ಲಿ 1 ಲಕ್ಷ ಲಾಭ. ಖರ್ಚು ಬಿಟ್ಟರೆ ಒಟ್ಟು 6.5 ಲಕ್ಷ.

ದರ 15,000ಕ್ಕೆ ಏರಿದ್ದರೆ? ಮಂಡಿಯಲ್ಲಿ 7.5 ಲಕ್ಷ ಬರುತ್ತಿತ್ತು, ಫ್ಯೂಚರ್ಸ್‌ನಲ್ಲಿ 1 ಲಕ್ಷ ಹೋಗುತ್ತಿತ್ತು. ಕೈಗುಳಿಯುವುದು ಆಗಲೂ 6.5 ಲಕ್ಷವೇ. ನಷ್ಟದ ಭಯ ಹೋಯಿತು, ಅದರ ಜೊತೆ ಹೆಚ್ಚಿನ ಲಾಭದ ಆಸೆಯೂ ಹೋಯಿತು.

ವ್ಯಾಪಾರಿಯದು ಇದಕ್ಕೆ ತಿರುಗಾಮುರುಗಾ. ಏಪ್ರಿಲ್‌ನಲ್ಲಿ ಮಸಾಲೆ ಕಂಪನಿಗೆ ಇಂತಿಷ್ಟು ದರಕ್ಕೆ ಅರಿಶಿನ ಕೊಡುತ್ತೇನೆಂದು ಒಪ್ಪಿದವರಿಗೆ ಬೆಲೆ ಏರುವುದೇ ಭಯ. ಅವರು ಡಿಸೆಂಬರ್‌ನಲ್ಲೇ ಫ್ಯೂಚರ್ಸ್ ಕೊಂಡಿಡುತ್ತಾರೆ. ಮುಂದೆ ಮಂಡಿಯಲ್ಲಿ ಹೆಚ್ಚು ಕೊಡಬೇಕಾದರೆ ಆ ಹೊರೆಯನ್ನು ಫ್ಯೂಚರ್ಸ್ ಲಾಭ ತುಂಬುತ್ತದೆ.

ಆದರೆ ಲೆಕ್ಕ ಯಾವಾಗಲೂ ಇಷ್ಟು ಸರಿಯಾಗಿ ಕೂರುವುದಿಲ್ಲ. ಫ್ಯೂಚರ್ಸ್ ದರ ನಿಜಾಮಾಬಾದ್ ಮಾರುಕಟ್ಟೆಯನ್ನು ಆಧರಿಸಿದ್ದು. ಅಲ್ಲಿ 2,000 ಇಳಿದು ನಿಮ್ಮ ಮಂಡಿಯಲ್ಲಿ 2,500 ಇಳಿದರೆ, ಮಧ್ಯದ 500 ರೂಪಾಯಿ ನಿಮ್ಮ ಮೇಲೆಯೇ ಬೀಳುತ್ತದೆ. 50 ಕ್ವಿಂಟಲ್‌ಗೆ ಅದು 25,000. ಹಾಗಾಗಿ ಮೊದಲು ಈ ಎರಡು ದರಗಳ ಅಂತರ ಹಿಂದಿನ ವರ್ಷಗಳಲ್ಲಿ ಎಷ್ಟಿತ್ತೆಂದು ನೋಡಬೇಕು.

ಇನ್ನೊಂದು ತೊಂದರೆ ಕೈಯಲ್ಲಿರುವ ಹಣದ್ದು. ಶುರುವಿನಲ್ಲೇ ಮಾರ್ಜಿನ್ ಎಂಬ ಠೇವಣಿ ಇಡಬೇಕು. ಲಾಭ ನಷ್ಟದ ಲೆಕ್ಕ ದಿನವೂ ಆಗುತ್ತದೆ. ಜನವರಿಯಲ್ಲಿ ದರ ಕ್ವಿಂಟಲ್‌ಗೆ 500 ಏರಿದರೆ ರೈತರು ಕೂಡಲೇ 25,000 ಕಟ್ಟಬೇಕು, ಬೆಳೆ ಇನ್ನೂ ಹೊಲದಲ್ಲೇ ಇರುತ್ತದೆ. ಕಟ್ಟದಿದ್ದರೆ ಬ್ರೋಕರ್ ವ್ಯವಹಾರವನ್ನು ಅರ್ಧಕ್ಕೇ ಮುಗಿಸಬಹುದು. ಆಗ ನಷ್ಟ ಉಳಿಯುತ್ತದೆ, ರಕ್ಷಣೆ ಹೋಗುತ್ತದೆ. 50 ಕ್ವಿಂಟಲ್ ಬೆಳೆಯದ ಸಣ್ಣ ರೈತರು ರೈತ ಉತ್ಪಾದಕ ಕಂಪನಿಯ ಮೂಲಕ ಒಟ್ಟಾಗಿ ಮಾಡುವುದು ಇದೇ ಕಾರಣಕ್ಕೆ.

ನೆನಪಿಡಿ: ಬೆಳೆದಿರುವುದಕ್ಕಿಂತ ಹೆಚ್ಚು ಮಾರಿದರೆ ಅದು ರಕ್ಷಣೆಯಲ್ಲ, ಜೂಜು. ಮಳೆ, ರೋಗದಿಂದ ಬೆಳೆಯೇ ಹಾಳಾದರೆ ಅದಕ್ಕೆ ಬೇಕಾದದ್ದು ಬೆಳೆ ವಿಮೆ, ಫ್ಯೂಚರ್ಸ್ ಅಲ್ಲ.