ಮೊದಲು ಮುಖ, ಆಮೇಲೆ ಜಾಗ

ರೂಬಿಕ್ಸ್ ಕ್ಯೂಬ್ ಕಲಿಯೋರೆಲ್ಲ ಕೊನೆಯ ಪದರದ ಹತ್ತಿರ ಬಂದು ನಿಂತುಬಿಡ್ತಾರೆ. ಕೆಳಗಿನ ಎರಡು ಪದರ ಸರಿಯಾಗಿದೆ, ಮೇಲೆ ಹಳದಿ ಬಣ್ಣದ ಎಂಟು ತುಂಡು ಮಾತ್ರ ಬಾಕಿ. ಆದರೆ ಆ ಎಂಟೇ ತುಂಡುಗಳು 62,208 ರೀತಿಯಲ್ಲಿ ಕೂತಿರಬಹುದು. ಅಷ್ಟಕ್ಕೂ ಒಂದೊಂದು ಉತ್ತರ ಬಾಯಿಪಾಠ ಮಾಡೋದು ಆಗದ ಮಾತು. ಇವತ್ತಿನ ಸ್ಪರ್ಧಿಗಳು ಬಹುತೇಕ 78 ಅಲ್ಗಾರಿದಮ್‌ಗಳಲ್ಲಿ ಇದನ್ನು ಮುಗಿಸುತ್ತಾರೆ. ಅರವತ್ತೆರಡು ಸಾವಿರ ಎಪ್ಪತ್ತೆಂಟಕ್ಕೆ ಇಳಿದ ಕಥೆ ಇದು.

ಎರ್ನೋ ರೂಬಿಕ್ ಬುಡಾಪೆಸ್ಟ್‌ನಲ್ಲಿ ಕ್ಯೂಬ್ ಮಾಡಿದ್ದು 1974ರಲ್ಲಿ. 1982ರಲ್ಲಿ ಅದೇ ಊರಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಮಿನ್ ತಾಯ್ 22.95 ಸೆಕೆಂಡಿನಲ್ಲಿ ಗೆದ್ದರು. ಕೊನೆಯ ಪದರವನ್ನು ಎರಡೇ ಹೆಜ್ಜೆಗೆ ಒಡೆಯುವ ಉಪಾಯ ಬಂದದ್ದೂ ಆ ಕಾಲದಲ್ಲೇ. ಅದನ್ನು ಮುಂದಿಟ್ಟವರು ನೆದರ್‌ಲೆಂಡ್ಸ್‌ನ ಹಾನ್ಸ್ ಡಾಕ್‌ಹಾರ್ನ್ ಮತ್ತು ಅನೆಕೆ ಟ್ರೀಪ್. ಮೊದಲ ಹೆಜ್ಜೆಯಲ್ಲಿ ಎಲ್ಲ ತುಂಡುಗಳ ಹಳದಿ ಮುಖ ಮೇಲೆ ಬರಬೇಕು. ಯಾವ ತುಂಡು ಎಲ್ಲಿದೆ ಅನ್ನೋದು ಆಗ ಲೆಕ್ಕಕ್ಕಿಲ್ಲ. ಇದು ಓಎಲ್ಎಲ್, 57 ಸಂದರ್ಭಗಳು. ಎರಡನೆಯದರಲ್ಲಿ ಹಳದಿ ಕೆಡದ ಹಾಗೆ ತುಂಡುಗಳನ್ನು ಅವುಗಳ ಜಾಗಕ್ಕೆ ಸೇರಿಸಬೇಕು. ಇದು ಪಿಎಲ್ಎಲ್, 21 ಸಂದರ್ಭಗಳು.

ಸರಿ, ಮೊದಲು ಜಾಗ ಸರಿ ಮಾಡಿ ಆಮೇಲೆ ಮುಖ ತಿರುಗಿಸಿದರೆ ಏನಾಗುತ್ತೆ? ಹೊಸಬರಿಗೆ ಹೇಳಿಕೊಡುವ ಎಷ್ಟೋ ವಿಧಾನಗಳಲ್ಲಿ ಮೂಲೆಗಳನ್ನು ಹಾಗೇ ಮಾಡ್ತಾರೆ. ಆದರೆ ವೇಗ ಬೇಕು ಅಂದಾಗ ಎರಡು ತೊಂದರೆ. ಒಂದು, ಕಣ್ಣಿಗೆ. ತಿರುಚಿ ಕೂತ ಮೂಲೆ ಯಾವುದೆಂದು ತಿಳಿಯಲು ಅದರ ಬಣ್ಣಗಳನ್ನು ಒಂದೊಂದಾಗಿ ನೋಡಬೇಕು. ಮುಖ ಮೊದಲು ಅಂದರೆ ಪ್ರಶ್ನೆ ಒಂದೇ: ಹಳದಿ ಎಲ್ಲಿದೆ? ಎರಡು, ಕೈಗೆ. ಜಾಗ ಕೆಡದ ಹಾಗೆ ಮುಖ ತಿರುಗಿಸಬೇಕಾದರೆ ಅಲ್ಗಾರಿದಮ್ ಉದ್ದವಾಗುತ್ತದೆ. ಜಾಗ ಹೇಗಾದರೂ ಕೆಡಲಿ ಅಂದರೆ ಏಳೇ ತಿರುವಿನಲ್ಲಿ ಕೆಲಸ ಮುಗಿಯಬಹುದು.

ಒಂದು ಸಂದರ್ಭ ನೋಡೋಣ. ಮೇಲೆ ಹಳದಿ ಕೂಡುಗೆರೆ ಬಂದಿದೆ, ಜೊತೆಗೆ ಒಂದೇ ಮೂಲೆ ಹಳದಿ. ಒಟ್ಟಿಗೆ ನೋಡಿದರೆ ಮೀನಿನ ಆಕಾರ. ಆ ಮೂಲೆಯನ್ನು ಎದುರಿನ ಎಡಕ್ಕೆ ಹಿಡಿಯಿರಿ. ಎದುರಿನ ಬಲ ಮೂಲೆಯ ಹಳದಿ ನಿಮ್ಮ ಕಡೆಗೇ ನೋಡುತ್ತಿದ್ದರೆ ಇದು ‘ಸೂನ್’:

```
R U R' U R U2 R'
```

R ಅಂದರೆ ಬಲ ಮುಖ, U ಮೇಲಿನದು, F ಎದುರಿನದು. ಬರೀ ಅಕ್ಷರವಿದ್ದರೆ ಗಡಿಯಾರದ ದಿಕ್ಕು, ಪಕ್ಕದಲ್ಲಿ ಗೀಟಿದ್ದರೆ ಅದರ ವಿರುದ್ಧ, 2 ಇದ್ದರೆ ಅರ್ಧ ಸುತ್ತು. ಹಳದಿ ನಿಮ್ಮ ಕಡೆ ನೋಡದಿದ್ದರೆ ಅದು ‘ಆಂಟಿಸೂನ್’. ಅದಕ್ಕೆ ಬೇರೆ ಅಲ್ಗಾರಿದಮ್.

ಈಗ ಮೇಲೆಲ್ಲ ಹಳದಿ. ಇನ್ನು ಪಕ್ಕದ ಬಣ್ಣಗಳನ್ನು ನೋಡಬೇಕು. ಎಡ ಮುಖದ ಮೇಲಿನ ಸಾಲಿನಲ್ಲಿ ಎರಡು ಮೂಲೆಗೂ ಒಂದೇ ಬಣ್ಣ, ನಡುವೆ ಮಾತ್ರ ಎದುರು ಬದಿಯ ಬಣ್ಣ ಇದೆ ಅನ್ನಿ. ಅವುಗಳಿಗೆ ಅಂಟಿಕೊಂಡೇ ಎದುರಿಗೂ ಹಿಂದೆಯೂ ಒಂದೊಂದು ಒಂದೇ ಬಣ್ಣದ ಜೋಡಿ ಇದ್ದರೆ ಅದು ‘ಟಿ’:

```
R U R' U' R' F R2 U' R' U' R U R' F'
```

ಬಲಗಡೆಯ ಎರಡು ಮೂಲೆ ಅದಲುಬದಲು, ಎಡ-ಬಲದ ಎರಡು ಅಂಚು ಅದಲುಬದಲು, ಅಷ್ಟೇ. ಕೊನೆಗೆ ಮೇಲಿನ ಪದರವನ್ನು ತಿರುಗಿಸಿ ಕೂರಿಸಿದರೆ ಮುಗೀತು.

ಈ ಕ್ರಮದಲ್ಲಿ ಹೋದರೆ ಕ್ಯೂಬೇ ಕೆಟ್ಟಿದೆಯಾ ಅನ್ನೋದೂ ಗೊತ್ತಾಗುತ್ತೆ. ಮೇಲಿನ ನಾಲ್ಕು ಅಂಚಿನಲ್ಲಿ ಹಳದಿ ಮೇಲಿರುವುದು ಒಂದು ಅಥವಾ ಮೂರು ಆದರೆ ಯಾರೋ ಕ್ಯೂಬ್ ಬಿಚ್ಚಿ ತಪ್ಪಾಗಿ ಜೋಡಿಸಿದ್ದಾರೆ. ಎಲ್ಲ ಹಳದಿಯಾಗಿ ಒಂದೇ ಮೂಲೆ ಉಳಿದರೆ ಅದು ಕೈಯೊತ್ತಡಕ್ಕೆ ತಿರುಚಿಕೊಂಡಿದೆ. ಹಳದಿಯೆಲ್ಲ ಸರಿ, ಬರೀ ಎರಡು ತುಂಡು ಅದಲುಬದಲಾಗಬೇಕು ಅಂತ ಕಂಡರೆ ಅದೂ ಜೋಡಣೆಯ ತಪ್ಪೇ. ಇಂಥದ್ದನ್ನು ಯಾವ ಅಲ್ಗಾರಿದಮ್ಮೂ ಸರಿ ಮಾಡಲ್ಲ.

ಇಷ್ಟೆಲ್ಲ ಲೋಕಕ್ಕೆ ಹರಡಿದ್ದು ಜೆಸ್ಸಿಕಾ ಫ್ರಿಡ್ರಿಕ್ ಅವರಿಂದ. ಚೆಕೊಸ್ಲೊವಾಕಿಯಾದಲ್ಲಿದ್ದಾಗ, ಎಂಬತ್ತರ ದಶಕದ ಮೊದಲಲ್ಲೇ ಅವರು ಈ ಅಲ್ಗಾರಿದಮ್‌ಗಳಲ್ಲಿ ಹೆಚ್ಚಿನವನ್ನು ಹುಡುಕಿ ರೂಪಿಸಿದರು. ಆಮೇಲೆ ಕ್ಯೂಬಿನ ಹುಚ್ಚೇ ಇಳಿಯಿತು. 1997ರಲ್ಲಿ ಪೂರ್ತಿ ಪಟ್ಟಿಯನ್ನು ಅಂತರ್ಜಾಲಕ್ಕೆ ಹಾಕಿದರು. 2003ರಲ್ಲಿ ಟೊರೊಂಟೊದಲ್ಲಿ ವಿಶ್ವ ಸ್ಪರ್ಧೆ ಮತ್ತೆ ನಡೆದಾಗ ಅವರಿಗೇ ಎರಡನೇ ಸ್ಥಾನ. ಇಡೀ ವಿಧಾನಕ್ಕೆ ಅವರ ಹೆಸರೇ ಅಂಟಿಕೊಂಡಿತು. ಆದರೆ ಉಪಾಯಗಳು ಹಲವರವು ಅಂತ ಗೊತ್ತಿರೋರು ಅದನ್ನು ಸಿಎಫ್ಒಪಿ ಅಂತಾರೆ. ಅದರ ಕೊನೆಯ ಎರಡು ಅಕ್ಷರ ಈ ಎರಡು ಹೆಜ್ಜೆಗಳವು.

78 ಕಲಿಯೋಕೆ ಪುರುಸೊತ್ತಿಲ್ಲದವರು ಪ್ರತಿ ಹೆಜ್ಜೆಯನ್ನೂ ಇನ್ನೊಮ್ಮೆ ಒಡೆಯಬಹುದು: ಮುಖಕ್ಕೆ 10, ಜಾಗಕ್ಕೆ 6. ನಾಲ್ಕು ಸಲ ನಿಂತು ನೋಡಬೇಕು, ಆದರೆ ನೆನಪಿಡೋದು ಹದಿನಾರೇ. ಕ್ರಮ ಮಾತ್ರ ಅದೇ: ಮುಖ ಮೊದಲು, ಜಾಗ ಆಮೇಲೆ.