ಕೌಶಲ್ಯಹರಣ

ಒಂದು ಕಸುಬನ್ನು ಬಿಡಿ ಬಿಡಿ ಕೆಲಸಗಳಾಗಿ ಒಡೆದು, ಅದರ ತಿಳಿವಳಿಕೆಯನ್ನು ಕೆಲಸಗಾರರಿಂದ ಆಡಳಿತದ ಕೈಗೆ ದಾಟಿಸುವ ಕ್ರಮಕ್ಕೆ ಕೌಶಲ್ಯಹರಣ ಎನ್ನುತ್ತಾರೆ. ಇದನ್ನು ವಿಸ್ತಾರವಾಗಿ ವಿವರಿಸಿದವರು ಅಮೆರಿಕದ ಹ್ಯಾರಿ ಬ್ರೇವರ್ಮನ್. ಹರೆಯದಲ್ಲಿ ಹಡಗುಕಟ್ಟೆಯೊಂದರಲ್ಲಿ ತಾಮ್ರದ ಕೆಲಸ ಕಲಿತಿದ್ದ ಅವರು, ಕೈಕಸುಬು ಬಡವಾಗುವುದನ್ನು ಒಳಗಿನಿಂದಲೇ ಕಂಡಿದ್ದರು. ಅವರ 'ಲೇಬರ್ ಅಂಡ್ ಮೊನಾಪಲಿ ಕ್ಯಾಪಿಟಲ್' 1974ರಲ್ಲಿ ಪ್ರಕಟವಾಯಿತು.

ಬ್ರೇವರ್ಮನ್ ಮುಖ್ಯವಾಗಿ ಗುರಿಯಿಟ್ಟದ್ದು ಫ್ರೆಡರಿಕ್ ಟೇಲರ್ ಅವರ 1911ರ 'ವೈಜ್ಞಾನಿಕ ನಿರ್ವಹಣೆ'ಯ ಸಿದ್ಧಾಂತವನ್ನು. ಕೆಲಸಗಾರರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ತಿಳಿವಳಿಕೆಯನ್ನು ಆಡಳಿತವು ಕಲೆಹಾಕಿ, ಅಳೆದು, ನಿಯಮಗಳಾಗಿ ಬರೆದಿಡಬೇಕು, ಯೋಚಿಸುವ ಕೆಲಸ ಯೋಜನಾ ವಿಭಾಗಕ್ಕೆ ಸೇರಬೇಕು ಎಂದು ಟೇಲರ್ ವಾದಿಸಿದ್ದರು. ಕೆಲಸದ ವಿಧಾನವನ್ನು ಕೆಲಸಗಾರನೊಬ್ಬನೇ ಬಲ್ಲವನಾಗಿರುವ ತನಕ ಅದಕ್ಕೆ ಎಷ್ಟು ಹೊತ್ತು ಬೇಕೆಂಬುದನ್ನೂ ಅವನೇ ಹೇಳುತ್ತಾನೆ. ಟೇಲರ್ ಅವರಿಗೆ ಒಪ್ಪಿಗೆಯಾಗದಿದ್ದದ್ದು ಇದೇ.

ಹೆನ್ರಿ ಫೋರ್ಡ್ ಅವರ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ನಡೆದದ್ದನ್ನು ನೋಡಿದರೆ ಕೌಶಲ್ಯಹರಣ ಹೇಗೆ ಸಾಗುತ್ತದೆಂದು ತಿಳಿಯುತ್ತದೆ. ಕಾರಿನ ಇಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊವನ್ನು ಅಲ್ಲಿ ಒಬ್ಬ ಕೆಲಸಗಾರ ಬೆಂಚಿನಲ್ಲಿ ಮೊದಲಿನಿಂದ ಕೊನೆಯವರೆಗೆ ತಾನೇ ಜೋಡಿಸುತ್ತಿದ್ದ. ಒಂದಕ್ಕೆ ಸುಮಾರು 20 ನಿಮಿಷ ಹಿಡಿಯುತ್ತಿತ್ತು. 1913ರಲ್ಲಿ ಆ ಕೆಲಸವನ್ನು 29 ಭಾಗ ಮಾಡಿ, 29 ಜನರನ್ನು ಸಾಲಾಗಿ ನಿಲ್ಲಿಸಲಾಯಿತು. ಒಬ್ಬ ಒಂದೆರಡು ತುಂಡು ಇಟ್ಟು ಪಕ್ಕದವನಿಗೆ ದೂಡಬೇಕು, ಅವನು ಒಂದೆರಡು ನಟ್ಟು ಬಿಗಿದು ಮುಂದಕ್ಕೆ ದೂಡಬೇಕು. ಒಂದು ಮ್ಯಾಗ್ನೆಟೊಗೆ ತಗಲುವ ದುಡಿಮೆ 13 ನಿಮಿಷ ಚಿಲ್ಲರೆಗೆ ಇಳಿಯಿತು. ಬಗ್ಗಿ ಬಗ್ಗಿ ಕೆಲಸಗಾರರ ಬೆನ್ನು ನೋಯುತ್ತಿದ್ದುದರಿಂದ ಮರುವರ್ಷ ಸಾಲಿನ ಎತ್ತರವನ್ನು 8 ಅಂಗುಲ ಏರಿಸಿದಾಗ ಅದು 7 ನಿಮಿಷವಾಯಿತು. ಕೊನೆಗೆ ಸರಪಳಿ ಎಳೆಯುವ ಸಾಲು ಬಂದ ಮೇಲೆ 5 ನಿಮಿಷವಾಯಿತು.

ಈ ಅಂಕಿಗಳಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೊದಲ ಉಳಿತಾಯ ಯಂತ್ರದಿಂದ ಬಂದದ್ದಲ್ಲ, ಕೆಲಸವನ್ನು ಒಡೆದದ್ದರಿಂದ ಬಂದದ್ದು. ಸರಪಳಿ ಆಮೇಲೆ ಬಂದು ವೇಗವನ್ನು ಕೆಲಸಗಾರನ ಕೈಯಿಂದ ಕಿತ್ತುಕೊಂಡಿತು. ಅದಾದ ಮೇಲೆ ಮೇಸ್ತ್ರಿ ಗದರಿಸಿ ದುಡಿಸಬೇಕಾದ ಅಗತ್ಯವೇ ಕಡಿಮೆಯಾಯಿತು. ಹಿಂದುಳಿದವನು ಯಾರೆಂಬುದನ್ನು ಸಾಲೇ ತೋರಿಸುತ್ತಿತ್ತು.

ಜನ ಈ ಕೆಲಸ ಬಿಟ್ಟು ಓಡಿದರು. 1913ರಲ್ಲಿ 100 ಜಾಗಗಳನ್ನು ಭರ್ತಿಯಾಗಿಟ್ಟುಕೊಳ್ಳಲು ಸುಮಾರು 370 ಜನರನ್ನು ನೇಮಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ಫೋರ್ಡ್ ಪ್ರಕಟಿಸಿದ 8 ಗಂಟೆಗೆ 5 ಡಾಲರ್ ದಿನಗೂಲಿಯನ್ನು ಔದಾರ್ಯವೆಂದು ಹೊಗಳುವವರು ಈ ಹಿನ್ನೆಲೆಯನ್ನು ಮರೆಯುತ್ತಾರೆ. ಆ ಹಣದ ಒಂದು ಭಾಗ ಸಿಗಬೇಕಾದರೆ ಕೆಲಸಗಾರನ ಮನೆವಾರ್ತೆ ಕಂಪನಿಗೆ ಒಪ್ಪಿಗೆಯಾಗಬೇಕಿತ್ತು. ಅದನ್ನು ನೋಡಲು ತನಿಖಾಧಿಕಾರಿಗಳು ಮನೆಗೇ ಬರುತ್ತಿದ್ದರು.

ಕಚೇರಿ ಕೆಲಸದಲ್ಲಿ ಇದೇ ಕ್ರಮವನ್ನು ಹೊರಗುತ್ತಿಗೆಯಲ್ಲೂ ಕಾಣಬಹುದು. 1990ರ ದಶಕದ ಕೊನೆಯಿಂದ ಬೆಂಗಳೂರು, ಗುರುಗ್ರಾಮಗಳಂಥ ಊರುಗಳಿಗೆ ಅಮೆರಿಕ, ಬ್ರಿಟನ್‌ಗಳ ಕಚೇರಿ ಕೆಲಸ ಹರಿದುಬಂತು. ಉದಾಹರಣೆಗೆ ವಿಮಾ ಪರಿಹಾರದ ಕಡತವನ್ನು ತೆಗೆದುಕೊಳ್ಳಬಹುದು. ಅದು ಸಮುದ್ರ ದಾಟುವ ಮೊದಲು, ಅದನ್ನು ವರ್ಷಗಟ್ಟಲೆ ನೋಡಿಕೊಂಡ ಗುಮಾಸ್ತರ ಪಕ್ಕದಲ್ಲಿ ಕುಳಿತು ಅವರು ಮಾಡುವುದನ್ನೆಲ್ಲ ಹಂತಹಂತವಾಗಿ ಬರೆದುಕೊಳ್ಳಲಾಗುತ್ತದೆ. ಕಂಪನಿಗಳಲ್ಲಿ ಇದಕ್ಕೆ 'ಕೆಟಿ' ಎನ್ನುತ್ತಾರೆ, ಬರಹಕ್ಕೆ 'ಎಸ್‌ಒಪಿ' ಎಂದು ಹೆಸರು. ಟೇಲರ್ ಕೇಳಿದ್ದು ಇದನ್ನೇ. ಆಮೇಲೆ ಒಬ್ಬರು ಹೆಸರು, ವಿಳಾಸ ತುಂಬುತ್ತಾರೆ, ಇನ್ನೊಬ್ಬರು ಕೋಡ್ ಹಾಕುತ್ತಾರೆ, ಮತ್ತೊಬ್ಬರು ತಾಳೆ ನೋಡುತ್ತಾರೆ. ಪರಿಹಾರ ಕೊಡಬೇಕೇ ಬೇಡವೇ ಎಂಬ ತೀರ್ಮಾನ ಅವರ್ಯಾರದೂ ಅಲ್ಲ. ಕಡಿಮೆ ಕೂಲಿಯ ಊರಿಗೆ ಕೆಲಸ ಹೋದದ್ದರಿಂದ ಅದು ಸರಳವಾಯಿತು ಎನ್ನುವುದಕ್ಕಿಂತ, ಮೊದಲು ಸರಳಗೊಳಿಸಿದ್ದರಿಂದಲೇ ಅದನ್ನು ಕಳಿಸಲು ಸಾಧ್ಯವಾಯಿತು ಎನ್ನುವುದು ಸರಿ.

ಕಾಲ್ ಸೆಂಟರಿನಲ್ಲಿ ಸರಪಳಿಯ ಜಾಗಕ್ಕೆ ಕರೆ ಹಂಚುವ ಯಂತ್ರ ಬಂದಿದೆ. ಒಂದು ಕರೆ ಮುಗಿಸಿ ವಿವರ ಟೈಪು ಮಾಡುತ್ತಿದ್ದಂತೆ ಮುಂದಿನದು ಹೆಡ್‌ಸೆಟ್ಟಿಗೆ ತಾನಾಗಿಯೇ ಬರುತ್ತದೆ. ಲಾಗಿನ್, ಬ್ರೇಕ್, ಪ್ರತಿ ಕರೆಗೆ ಹಿಡಿದ ಸರಾಸರಿ ಸಮಯ ಎಲ್ಲವೂ ಟೀಮ್ ಲೀಡರ್ ಪರದೆಯ ಮೇಲೆ ಇರುತ್ತವೆ. ಕ್ವಾಲಿಟಿ ವಿಭಾಗದವರು ರೆಕಾರ್ಡಿಂಗ್ ಕೇಳಿ, ಹೇಳಬೇಕಾದ ಮಾತು ಹೇಳಿದರೇ ಎಂದು ಅಂಕ ಕೊಡುತ್ತಾರೆ. ಬ್ರಿಟಿಷ್ ಸಂಶೋಧಕರಾದ ಫಿಲ್ ಟೇಲರ್ ಮತ್ತು ಪೀಟರ್ ಬೇನ್ 1999ರಲ್ಲಿ ಇದನ್ನು ತಲೆಯೊಳಗಿನ ಜೋಡಣಾ ಸಾಲು ಎಂದು ಕರೆದರು.

ಈ ಹತೋಟಿಗೂ ಮಿತಿಯಿದೆ. ಸಮಯವನ್ನೇ ಅಳೆದರೆ ನೌಕರರು ಕಷ್ಟದ ಕರೆಯನ್ನು ಬೇರೆ ವಿಭಾಗಕ್ಕೆ ದಾಟಿಸುತ್ತಾರೆ, ಇಲ್ಲವೇ ಬೇಗ ಮುಗಿಸುತ್ತಾರೆ. ಸರಾಸರಿ ಚೆನ್ನಾಗಿದ್ದೂ ಅದೇ ಗ್ರಾಹಕರು ಮತ್ತೆ ಮತ್ತೆ ಕರೆ ಮಾಡುತ್ತಿದ್ದರೆ ಆಗುತ್ತಿರುವುದು ಇದೇ ಎಂದು ತಿಳಿಯಬೇಕು. ಕೆಲಸಗಾರರ ಪ್ರತಿರೋಧವನ್ನೂ, ಅವರಿಗೆ ಒಂದಿಷ್ಟು ಸ್ವಾತಂತ್ರ್ಯ ಕೊಟ್ಟೇ ದುಡಿಸುವ ಕ್ರಮಗಳನ್ನೂ ಬ್ರೇವರ್ಮನ್ ಸಾಕಷ್ಟು ಗಮನಿಸಲಿಲ್ಲ ಎಂಬ ಟೀಕೆಯೂ ನ್ಯಾಯವಾದದ್ದೇ. ಆದರೆ ಸ್ಕ್ರಿಪ್ಟಿನಲ್ಲಿಲ್ಲದ ಪ್ರಶ್ನೆ ಬಂದಾಗ, ಸಿಟ್ಟಿಗೆದ್ದ ಗ್ರಾಹಕನನ್ನು ಸಮಾಧಾನಪಡಿಸಿ ದಾರಿ ಹುಡುಕುವವರು ಇಂದಿಗೂ ಆ ನೌಕರರೇ. ಆ ಜಾಣ್ಮೆ ಸಂಬಳದ ಲೆಕ್ಕಕ್ಕೆ ಬರುವುದಿಲ್ಲ.