ಇನ್ನೂರು ಮೈಲಿನ ಕಡಲು: ಮೀನು ಯಾರದು, ಅದಿರು ಯಾರದು?

ಪಾಪಿನಾಯಕನಹಳ್ಳಿಯಿಂದ ಕಾರವಾರದ ದಡಕ್ಕೆ ನೇರ ಗೆರೆಯಲ್ಲಿ ಸುಮಾರು 250 ಕಿ.ಮೀ. ಅದೇ ದಡದಿಂದ ಪಶ್ಚಿಮಕ್ಕೆ 200 ನಾಟಿಕಲ್ ಮೈಲು, ಅಂದರೆ 370 ಕಿ.ಮೀ.ವರೆಗೆ ಭಾರತದ ಅನನ್ಯ ಆರ್ಥಿಕ ವಲಯ. ಅಲ್ಲಿ ಯಾವ ದೇಶದ ಹಡಗಾದರೂ ಸಾಗಬಹುದು, ಆದರೆ ಮೀನಿನ ಮೇಲೂ ತಳದ ಖನಿಜದ ಮೇಲೂ ಹಕ್ಕು ನಮ್ಮದು.

ಈ ಹಕ್ಕು ಹಳೆಯದಲ್ಲ. 1945ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್, ತಮ್ಮ ನೆಲ ಕಡಲಡಿಯಲ್ಲಿ ಚಾಚಿದಷ್ಟು ದೂರದ ತೈಲ, ಖನಿಜ ತಮಗೆ ಸೇರಿದ್ದೆಂದು ಘೋಷಿಸಿದರು. ಚಿಲಿ, ಪೆರುಗಳಿಗೆ ಅದರಿಂದ ಲಾಭವಿರಲಿಲ್ಲ. ಅವುಗಳ ದಡ ದಾಟಿದರೆ ತಳ ಕಡಿದಾಗಿ ಇಳಿಯುತ್ತದೆ. ಆದರೆ ಅಲ್ಲಿನ ತಣ್ಣನೆಯ ಪ್ರವಾಹದಲ್ಲಿ ಮೀನು ಅಪಾರ. ಹಾಗಾಗಿ ಅವು ತಳದ ಜೊತೆಗೆ ನೀರನ್ನೂ ಕೇಳಿದವು. 1952ರಲ್ಲಿ ಈಕ್ವೆಡಾರ್ ಜೊತೆ ಸೇರಿ ಸ್ಯಾಂಟಿಯಾಗೊದಲ್ಲಿ 200 ಮೈಲು ಘೋಷಿಸಿದವು. ಭಾರತ 1976ರಲ್ಲಿ ಕಾನೂನು ಮಾಡಿತು. 1982ರ ಸಮುದ್ರ ಕಾನೂನು ಒಪ್ಪಂದ ಆ ಅಳತೆಗೆ ಜಗತ್ತಿನ ಒಪ್ಪಿಗೆ ತಂದಿತು.

ನಮ್ಮೊಳಗಿನ ಹಂಚಿಕೆ ಬೇರೆ. ಮಲ್ಪೆಯ ಬೋಟೊಂದು ಉತ್ತರಕ್ಕೆ ಹೋಗಿ, ಗೋವಾ ದಡದಿಂದ 10 ಮೈಲಿನಲ್ಲಿ ಬಲೆ ಬಿಟ್ಟಿತೆನ್ನಿ. ಅದು ಗೋವಾ ಕಾನೂನಿನ ವ್ಯಾಪ್ತಿ, ಬೋಟನ್ನು ಹಿಡಿಯಬಹುದು. 12 ಮೈಲು ದಾಟಿದರೆ ಅಧಿಕಾರ ಕೇಂದ್ರದ್ದು. ವಿದೇಶಿ ಹಡಗುಗಳಿಗೆ 1981ರಲ್ಲೇ ಕೇಂದ್ರದ ಕಾಯ್ದೆ ಬಂತು. ಆದರೆ ನಮ್ಮ ಬೋಟುಗಳಿಗೆ ಈ ವಲಯದಲ್ಲಿ ಮೀನು ಹಿಡಿಯಲು ಪ್ರತ್ಯೇಕ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಇಷ್ಟು ತಡವಾದದ್ದು ಸರಿಯಲ್ಲ.

ಖನಿಜದ ವಿಷಯ ಸಂಡೂರು ಸೀಮೆಯವರಿಗೆ ಬೇಗ ಹಿಡಿಯುತ್ತದೆ. ಇಲ್ಲಿ ಗುಡ್ಡದಲ್ಲಿ ಅಗೆಯುವ ಮ್ಯಾಂಗನೀಸ್, ಹಿಂದೂ ಮಹಾಸಾಗರದ ಮಧ್ಯದಲ್ಲಿ ಸುಮಾರು 5,000 ಮೀಟರ್ ಆಳದ ತಳದಲ್ಲಿ ಆಲೂಗಡ್ಡೆ ಗಾತ್ರದ ಉಂಡೆಗಳಾಗಿ ಬಿದ್ದಿದೆ. ಜೊತೆಗೆ ನಿಕಲ್, ತಾಮ್ರ, ಕೋಬಾಲ್ಟ್ ಇವೆ. ಅದು 200 ಮೈಲಿನ ಆಚೆ, ಯಾವ ದೇಶದ ಸ್ವತ್ತೂ ಅಲ್ಲ. ಜಮೈಕಾದಲ್ಲಿರುವ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಂದಿಗೆ 2002ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಭಾರತಕ್ಕೆ ಅಲ್ಲಿ 75,000 ಚ.ಕಿ.ಮೀ. ಪ್ರದೇಶದಲ್ಲಿ ಅನ್ವೇಷಣೆಯ ಹಕ್ಕಿದೆ. ಅಗೆದು ಮಾರುವ ಹಕ್ಕು ಅದರಲ್ಲಿ ಸೇರಿಲ್ಲ.

ವಲಯದೊಳಗಿನ ಖನಿಜವನ್ನು ಕೇಂದ್ರವೇ ಹರಾಜು ಹಾಕುತ್ತದೆ. 2024ರ ನವೆಂಬರ್‌ನಲ್ಲಿ ಮೊದಲ ಸಲ 13 ಬ್ಲಾಕ್‌ಗಳನ್ನು ಹರಾಜಿಗಿಟ್ಟಿತು: ಕೇರಳದ ಕಟ್ಟಡ ಮರಳು, ಗುಜರಾತಿನ ಸುಣ್ಣದ ಕೆಸರು, ಗ್ರೇಟ್ ನಿಕೋಬಾರ್ ಬಳಿಯ ಲೋಹದ ಉಂಡೆಗಳು. ಮರಳು ತೆಗೆದರೆ ಮೀನು ಮೊಟ್ಟೆಯಿಡುವ ತಳ ಕಲಕಿಹೋಗುತ್ತದೆಂದು ಕೇರಳದ ಮೀನುಗಾರರು ಪ್ರತಿಭಟಿಸಿದರು. ಸಂಡೂರಿನ ಅದಿರಿನ ರಾಜಧನ ರಾಜ್ಯಕ್ಕೆ ಬರುತ್ತದೆ, ಕಡಲ ಅದಿರಿನದು ಬರುವುದಿಲ್ಲ. ಸಂವಿಧಾನದ 297ನೇ ವಿಧಿ ಅದನ್ನು ಕೇಂದ್ರಕ್ಕೆ ಕೊಟ್ಟಿದೆ. ಬಾಧಿತರ ಹಿತಕ್ಕೂ ಬಳಸಬೇಕಾದ ಟ್ರಸ್ಟ್ ಒಂದನ್ನು ಕಡಲ ಖನಿಜ ಕಾಯ್ದೆಯ 2023ರ ತಿದ್ದುಪಡಿ ತಂದಿದೆ. ನಮ್ಮ ಕರಾವಳಿಯ ಮುಂದೆ ಇಂಥ ಹರಾಜು ಬರುವ ಮೊದಲೇ, ಆ ಹಣದಲ್ಲಿ ಮೀನುಗಾರರ ಪಾಲು ಎಷ್ಟೆಂದು ರಾಜ್ಯ ಸರ್ಕಾರ ಕೇಳಿ ಬರೆಸಿಕೊಳ್ಳಬೇಕು.